ಎ0 ಪೋಸ್ಟರ್: ಮೊದಲು ಚಿತ್ರಕ್ಕೆ ಜಾಗ, ಆಮೇಲೆ ಪದಕ್ಕೆ

ಸಮ್ಮೇಳನದ ಪೋಸ್ಟರ್ ಮಾಡಲು ಕೂತವರು ಸಾಮಾನ್ಯವಾಗಿ ಸಾರಾಂಶವನ್ನು ತಂದು ಟೆಂಪ್ಲೇಟಿಗೆ ಸುರಿದು, ಉಳಿದ ಸಂದಿಗಳಲ್ಲಿ ಚಿತ್ರಗಳನ್ನು ತುರುಕುತ್ತಾರೆ. ಹಾಗೆ ಮಾಡಿದಾಗ ಪದಗಳ ಮಿತಿ ದಾಟುತ್ತದೆ, ಚಿತ್ರಗಳು ಕುಗ್ಗುತ್ತವೆ, ಎರಡನ್ನೂ ಸರಿಹೊಂದಿಸಲು ಅಕ್ಷರದ ಗಾತ್ರ ಇಳಿಯುತ್ತದೆ. ನಾನು ಮಾಡುವುದು ಇದರ ತಿರುವುಮುರುವು. ಹಾಳೆಯನ್ನು ಮಿಲಿಮೀಟರ್‌ನಲ್ಲಿ ಹಂಚಿ, ಚಿತ್ರಗಳಿಗೆ ಜಾಗ ಕೊಟ್ಟು, ಉಳಿದ ಎತ್ತರದಲ್ಲಿ ಎಷ್ಟು ಸಾಲು ಕೂರುತ್ತದೆಂದು ಎಣಿಸಿದ ಮೇಲೆಯೇ ಬರೆಯಲು ತೊಡಗುತ್ತೇನೆ.

ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಲೆಕ್ಕ ಹಾಕೋಣ. ವಿಷಯ: ಅಗ್ಗದ ಮಣ್ಣಿನ ತೇವಾಂಶ ಸೆನ್ಸರ್‌ನ ಓದನ್ನು, ಮಣ್ಣನ್ನು ಓವನ್‌ನಲ್ಲಿ ಒಣಗಿಸಿ ತೂಗಿ ಪಡೆದ ಅಳತೆಯೊಂದಿಗೆ ಹೋಲಿಸುವುದು. ಪೋಸ್ಟರ್ ಎ0, ಉದ್ದನೆಯದು, ಅಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರ. ಸಂಘಟಕರ ಮಿತಿ 300 ಪದ. ಪೋಸ್ಟರ್ ಇಂಗ್ಲಿಷಿನಲ್ಲಿ.

ಸುತ್ತಲೂ 30 ಮಿ.ಮೀ. ಅಂಚು ಬಿಟ್ಟರೆ ಬಳಸಲು 781 × 1129 ಸಿಗುತ್ತದೆ. ಇದರಲ್ಲಿ ಶೀರ್ಷಿಕೆ ಪಟ್ಟಿಗೆ 150, ಕೆಳಗಿನ ಪಟ್ಟಿಗೆ 70, ಇವೆರಡರ ಪಕ್ಕದ ಖಾಲಿ ಜಾಗಕ್ಕೆ ತಲಾ 25 ಕಳೆದರೆ ನಡುವೆ ಉಳಿಯುವ ಎತ್ತರ 859. ಅಗಲವನ್ನು ಎರಡು ಕಾಲಮ್ ಮಾಡಿ ನಡುವೆ 25 ಬಿಟ್ಟರೆ ಒಂದೊಂದು ಕಾಲಮ್ 378 ಮಿ.ಮೀ. ಮೂರು ಕಾಲಮ್ ಮಾಡಿದರೆ ಒಂದೊಂದಕ್ಕೆ 243 ಮಾತ್ರ. ಅಡ್ಡ ಹಾಳೆಗೆ ಮೂರು ಕಾಲಮ್ ಚೆನ್ನಾಗಿ ಒಗ್ಗುತ್ತದೆ, ಉದ್ದ ಹಾಳೆಯಲ್ಲಿ ಗ್ರಾಫ್‌ಗಳು ಉಸಿರುಗಟ್ಟುತ್ತವೆ.

ಈಗ ಚಿತ್ರ. ಪ್ರಬಂಧದಲ್ಲಿ ಏಳೆಂಟು ಚಿತ್ರಗಳಿದ್ದರೂ ಪೋಸ್ಟರ್‌ಗೆ ಮೂರು ಸಾಕು: ಒಂದು ಮುಖ್ಯ, ಎರಡು ಬೆಂಬಲಕ್ಕೆ. ಮುಖ್ಯ ಚಿತ್ರ ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಉಳಿದದ್ದನ್ನೆಲ್ಲ ಮುಚ್ಚಿಟ್ಟರೂ ಶೀರ್ಷಿಕೆಯ ಮಾತನ್ನು ಸಾಬೀತು ಮಾಡುವ ಚಿತ್ರ ಯಾವುದು? ನಮ್ಮ ಉದಾಹರಣೆಯಲ್ಲಿ ಅದು ಇಡೀ ಬೆಳೆ ಅವಧಿಯ ಸೆನ್ಸರ್ ಓದು, ಮಣ್ಣಿಗೆ ತಕ್ಕಂತೆ ಕ್ಯಾಲಿಬ್ರೇಟ್ ಮಾಡುವ ಮೊದಲಿನದು ಮತ್ತು ಆನಂತರದ್ದು, ಅದರ ಮೇಲೆ ಓವನ್ ಅಳತೆಯ ಚುಕ್ಕಿಗಳು. ಕಾಲದ ಗ್ರಾಫ್ ಅಗಲವಾಗಿರಬೇಕಾದ್ದರಿಂದ ಪೂರ್ತಿ 781 ಅಗಲ, 360 ಎತ್ತರ ಕೊಡುತ್ತೇನೆ. ಕ್ಯಾಲಿಬ್ರೇಶನ್ ರೇಖೆಯ ಚಿತ್ರಕ್ಕೂ ಮಣ್ಣಿನ ಬಗೆಯ ಪ್ರಕಾರ ದೋಷ ತೋರಿಸುವ ಚಿತ್ರಕ್ಕೂ ತಲಾ 378 × 220.

ಪೂರ್ತಿ ಅಗಲದ ಚಿತ್ರವನ್ನು ಎಲ್ಲಿಡುತ್ತೇವೆ ಎಂಬುದರಲ್ಲೇ ಓದಿನ ಹರಿವಿನ ಅರ್ಧ ಸಮಸ್ಯೆ ಇದೆ. ಅದನ್ನು ಹಾಳೆಯ ನಡುವೆ ಇಟ್ಟರೆ ಎರಡೂ ಕಾಲಮ್ ತುಂಡಾಗುತ್ತವೆ. ಎಡಗಡೆಯ ಮೊದಲ ತುಂಡು ಓದಿ ಮುಗಿಸಿದವರು ಬಲಕ್ಕೆ ಹೋಗಬೇಕೋ, ಚಿತ್ರ ದಾಟಿ ಕೆಳಗಿಳಿಯಬೇಕೋ ಗೊತ್ತಾಗದೆ ತಡವರಿಸುತ್ತಾರೆ. ಬಾಣ ಹಾಕುವುದು, ವಿಭಾಗಗಳಿಗೆ ಅಂಕಿ ಕೊಡುವುದು ಇದಕ್ಕೆ ತೇಪೆ ಹಚ್ಚಿದಂತೆ. ಶೀರ್ಷಿಕೆಯ ಕೆಳಗೇ ಚಿತ್ರವಿಟ್ಟರೆ ಪ್ರಶ್ನೆಯೇ ಹುಟ್ಟುವುದಿಲ್ಲ: ಹೇಳಿಕೆ, ಅದರ ಸಾಕ್ಷಿ, ಆಮೇಲೆ ಎಡ ಕಾಲಮ್ ಪೂರ್ತಿ, ಆಮೇಲೆ ಬಲ ಕಾಲಮ್ ಪೂರ್ತಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎ0 ಹಾಳೆಯನ್ನು ಉದ್ದಕ್ಕೆ ತೂಗುಹಾಕಿದರೆ ಅದರ ತಳ ಮೊಣಕಾಲಿನ ಹತ್ತಿರ ಬರುತ್ತದೆ. ಅಲ್ಲಿರುವುದನ್ನು ಓದಲು ಯಾರೂ ಬಗ್ಗುವುದಿಲ್ಲ. ಆಕರಗಳು, ಧನಸಹಾಯದ ಉಲ್ಲೇಖ, ಕ್ಯೂಆರ್ ಕೋಡ್ ಅಲ್ಲಿದ್ದರೆ ನಷ್ಟವಿಲ್ಲ, ತೀರ್ಮಾನ ಅಲ್ಲಿರಬಾರದು.

ಹರಿವನ್ನು ಕೆಡಿಸುವ ಮತ್ತೊಂದು ವಿಷಯ ಅಂತರ. ಒಂದೇ ಕಾಲಮ್‌ನಲ್ಲಿ ಮೇಲೆ ಕೆಳಗಿರುವ ಎರಡು ವಿಭಾಗಗಳ ನಡುವಿನ ಜಾಗಕ್ಕಿಂತ ಕಾಲಮ್‌ಗಳ ನಡುವಿನ ಜಾಗ ಹೆಚ್ಚಿರಬೇಕು. ಕಣ್ಣು ಹತ್ತಿರವಿರುವುದರ ಕಡೆಗೆ ಹರಿಯುತ್ತದೆ. ಅಡ್ಡ ಅಂತರ ಕಡಿಮೆಯಾದರೆ ಓದುಗರು ಸಾಲುಸಾಲಾಗಿ ಅಡ್ಡಡ್ಡ ಓದತೊಡಗಿ, ವಿಧಾನದಿಂದ ನೇರ ತೀರ್ಮಾನಕ್ಕೆ ಹಾರುತ್ತಾರೆ. ಇಲ್ಲಿ ಅಡ್ಡಕ್ಕೆ 25, ಲಂಬಕ್ಕೆ 15 ಇಟ್ಟಿದ್ದೇನೆ. ಇಷ್ಟಿದ್ದರೆ ವಿಭಾಗಗಳ ಸುತ್ತ ಚೌಕಟ್ಟು ಹಾಕುವ ಅಗತ್ಯವೇ ಬೀಳುವುದಿಲ್ಲ. ಚೌಕಟ್ಟು ಹಾಕಿದರೆ ಒಳಗೊಂದಿಷ್ಟು ಹೊರಗೊಂದಿಷ್ಟು ಅಂಚು ಬಿಡಬೇಕು, ಆ ಜಾಗವೂ ಪದಗಳ ಲೆಕ್ಕದಿಂದಲೇ ಹೋಗುತ್ತದೆ.

ಇನ್ನು ಪದಗಳ ಲೆಕ್ಕ. 859 ರಲ್ಲಿ ಮುಖ್ಯ ಚಿತ್ರಕ್ಕೆ 360, ಅದರ ವಿವರಣೆಗೆ 30, ಕೆಳಗಿನ ಅಂತರಕ್ಕೆ 25 ಕಳೆದರೆ ಪ್ರತಿ ಕಾಲಮ್‌ಗೆ 444 ಉಳಿಯಿತು, ಎರಡೂ ಸೇರಿ 888. ಸಣ್ಣ ಚಿತ್ರಗಳೆರಡಕ್ಕೆ 440, ಅವುಗಳ ವಿವರಣೆಗೆ 60. ನಾಲ್ಕು ಉಪಶೀರ್ಷಿಕೆಗೆ ತಲಾ 25ರಂತೆ 100, ವಿಭಾಗಗಳ ಅಂತರಕ್ಕೆ 60. ಎಲ್ಲ ಕಳೆದು ಪಠ್ಯಕ್ಕೆ ಸಿಕ್ಕಿದ್ದು 228 ಮಿ.ಮೀ. ಪಠ್ಯದ ಗಾತ್ರ 32 ಪಾಯಿಂಟ್, ಸಾಲಿನ ಅಂತರ 1.3 ಪಟ್ಟು ಎಂದಿಟ್ಟುಕೊಂಡರೆ ಒಂದು ಸಾಲಿಗೆ 14.7 ಮಿ.ಮೀ. ಬೇಕು. ಅಂದರೆ 15 ಸಾಲು. ಈ ಗಾತ್ರದಲ್ಲಿ 378 ಮಿ.ಮೀ. ಅಗಲಕ್ಕೆ ಸರಿಸುಮಾರು 67 ಅಕ್ಷರ, ಹನ್ನೊಂದು ಇಂಗ್ಲಿಷ್ ಪದ ಹಿಡಿಸುತ್ತವೆ. ಒಟ್ಟು 165 ಪದ.

ಇದನ್ನು ಪ್ರಶ್ನೆಗೆ 35, ವಿಧಾನಕ್ಕೆ 40, ಫಲಿತಾಂಶಕ್ಕೆ 50, ತೀರ್ಮಾನ ಮತ್ತು ಮಿತಿಗಳಿಗೆ 40 ಎಂದು ಹಂಚುತ್ತೇನೆ. ಮೂರು ಚಿತ್ರ ವಿವರಣೆಗಳಿಗೆ ತಲಾ 25, ಶೀರ್ಷಿಕೆಗೆ 15 ಸೇರಿಸಿದರೆ 255. ಗ್ರಾಫ್‌ನೊಳಗಿನ ಹೆಸರುಗಳು, ಲೇಖಕರ ಸಾಲು, ಕೆಳಗಿನ ಪಟ್ಟಿ ಸೇರಿ ಉಳಿದ 45ರಲ್ಲಿ ಮುಗಿಯಬೇಕು. ಕನ್ನಡದಲ್ಲಿ ಪೋಸ್ಟರ್ ಮಾಡುವವರು ಈ ಹನ್ನೊಂದರ ಲೆಕ್ಕ ನಂಬಬಾರದು. ನಮ್ಮ ಪದಗಳು ಉದ್ದ, ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ಅಂತರವೂ ಹೆಚ್ಚು ಬೇಕು. ಬಳಸುವ ಫಾಂಟ್‌ನಲ್ಲೇ ಐದಾರು ಸಾಲು ಹರಿಸಿ ಎಣಿಸಿಕೊಳ್ಳುವುದು ಒಳ್ಳೆಯದು.

40 ಪದಗಳಲ್ಲಿ ವಿಧಾನ ಹೇಳುವುದು ಅಸಾಧ್ಯ ಅನ್ನಿಸುತ್ತದೆ, ಆದರೆ ಯಾವುದನ್ನು ಬಿಡಬೇಕೆಂದು ತಿಳಿದರೆ ಕಷ್ಟವಿಲ್ಲ. ಪ್ರಬಂಧದಲ್ಲಿ ಹೀಗಿರುತ್ತದೆ ಎನ್ನಿ: “ಸೆನ್ಸರ್‌ನ ನಿಖರತೆಯನ್ನು ಮೌಲ್ಯಮಾಪನ ಮಾಡುವ ಉದ್ದೇಶದಿಂದ ಮೂರು ವಿಭಿನ್ನ ಬಗೆಯ ಮಣ್ಣಿನ ಮಾದರಿಗಳನ್ನು ಸಂಗ್ರಹಿಸಿ, ಅವುಗಳನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆಗಳ ಕಾಲ ಓವನ್‌ನಲ್ಲಿ ಒಣಗಿಸಿ ತೇವಾಂಶವನ್ನು ನಿರ್ಧರಿಸಲಾಯಿತು.” ಪೋಸ್ಟರ್‌ನಲ್ಲಿ: “ಮೂರು ಬಗೆಯ ಮಣ್ಣು. ಹೋಲಿಕೆಗೆ ಓವನ್ ಅಳತೆ: 105°C, 24 ಗಂಟೆ.” ಉದ್ದೇಶ ಪ್ರಶ್ನೆಯ ವಿಭಾಗದಲ್ಲಿ ಆಗಲೇ ಬಂದಿದೆ, ಸಂಗ್ರಹಿಸಿದ್ದು ಹೇಳದೆಯೂ ತಿಳಿಯುತ್ತದೆ. ಉಳಿಸಿಕೊಳ್ಳಬೇಕಾದದ್ದು ಅಂಕಿಗಳನ್ನು, ಏಕೆಂದರೆ ತಿಳಿದವರು ಕೇಳುವುದು ಅವನ್ನೇ. ಫಲಿತಾಂಶದ ವಿಭಾಗದಲ್ಲಿ ಗ್ರಾಫ್ ತೋರಿಸುವುದನ್ನೇ ಮತ್ತೆ ವಾಕ್ಯ ಮಾಡಬಾರದು. ಗ್ರಾಫ್‌ನಲ್ಲಿ ಕಾಣದ್ದು, ಅಂದರೆ ದೋಷದ ಪ್ರಮಾಣ, ಮಾದರಿಗಳ ಸಂಖ್ಯೆ, ಯಾವ ಮಣ್ಣಿನಲ್ಲಿ ಕ್ಯಾಲಿಬ್ರೇಶನ್ ಕೈಕೊಟ್ಟಿತು, ಇಷ್ಟಕ್ಕೇ ಆ 50 ಪದ. ಶೀರ್ಷಿಕೆ ಕೂಡ “ಒಂದು ಅಧ್ಯಯನ” ಎಂದು ಮುಗಿಯದೆ, “ಮಣ್ಣಿಗೆ ತಕ್ಕ ಕ್ಯಾಲಿಬ್ರೇಶನ್ ಅಗ್ಗದ ಸೆನ್ಸರ್‌ನ ದೋಷವನ್ನು ತಗ್ಗಿಸುತ್ತದೆ” ಎಂದು ಫಲಿತಾಂಶವನ್ನೇ ಹೇಳಲಿ.

ಚಿತ್ರದ ಗಾತ್ರಕ್ಕೆ ಮರಳೋಣ, ಹೆಚ್ಚಿನ ಪೋಸ್ಟರ್‌ಗಳು ಕೆಡುವುದು ಅಲ್ಲೇ. ಪ್ರಬಂಧಕ್ಕೆ ಮಾಡಿದ ನಾಲ್ಕು ಗ್ರಾಫ್‌ಗಳ ಚಿತ್ರ 180 ಮಿ.ಮೀ. ಅಗಲವಿದ್ದು ಅದರ ಅಕ್ಷರ 7 ಪಾಯಿಂಟ್ ಇದೆ ಎನ್ನೋಣ. ಅದನ್ನು 378ಕ್ಕೆ ಹಿಗ್ಗಿಸಿದರೆ 2.1 ಪಟ್ಟು, ಅಕ್ಷರ 14.7 ಪಾಯಿಂಟ್. ಪಕ್ಕದ ಪಠ್ಯ 32 ಪಾಯಿಂಟ್ ಇರುವಾಗ ಅಕ್ಷದ ಅಂಕಿಗಳು ಅದರ ಅರ್ಧಕ್ಕಿಂತ ಸಣ್ಣವಾದವು. ಇನ್ನು 640 ಪಿಕ್ಸೆಲ್ ಅಗಲದ ಪಿಎನ್‌ಜಿಯನ್ನು 781 ಮಿ.ಮೀ.ಗೆ ಎಳೆದರೆ ಇಂಚಿಗೆ ಸುಮಾರು 21 ಪಿಕ್ಸೆಲ್ ಸಿಗುತ್ತದೆ, 150 ಬೇಕೆಂದರೆ 4,600ರ ಮೇಲೆ ಇರಬೇಕಿತ್ತು. ಲ್ಯಾಪ್‌ಟಾಪ್ ಪರದೆಯಲ್ಲಿ ಇಡೀ ಪೋಸ್ಟರ್ ಸಣ್ಣದಾಗಿ ಕಾಣುವುದರಿಂದ ಇದು ಗೊತ್ತಾಗುವುದಿಲ್ಲ. 100% ಜೂಮ್‌ಗೆ ಹೋದರೆ ಮಾತ್ರ ಅಂಚುಗಳ ಮಸುಕು ಕಾಣುತ್ತದೆ.

ಹಾಗಾಗಿ ಚಿತ್ರವನ್ನು ಹಿಗ್ಗಿಸದೆ, ಪೋಸ್ಟರ್‌ನಲ್ಲಿ ಕೂರುವ ಗಾತ್ರದಲ್ಲೇ ಹೊಸದಾಗಿ ಬರೆಸುತ್ತೇನೆ. ಪೈಥಾನ್‌ನಲ್ಲಿ ಗ್ರಾಫ್ ಬರೆಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗಾತ್ರ ಇಂಚಿನಲ್ಲಿರುವುದರಿಂದ 25.4ರಿಂದ ಭಾಗಿಸಬೇಕು:

```python
import matplotlib.pyplot as plt
mm = 1 / 25.4
plt.rcParams.update({
    "font.size": 28,
    "lines.linewidth": 4,
    "lines.markersize": 14,
    "axes.linewidth": 2,
    "xtick.major.size": 12, "xtick.major.width": 2,
    "ytick.major.size": 12, "ytick.major.width": 2,
})
fig, ax = plt.subplots(figsize=(781*mm, 360*mm),
                       layout="constrained")
# ax.plot(...)
fig.savefig("main.svg")
```

ಅಕ್ಷರ ದೊಡ್ಡದು ಮಾಡಿ ಗೆರೆಯ ದಪ್ಪ ಮರೆತರೆ ದೂರದಿಂದ ಬರೀ ಅಕ್ಷರ ಕಾಣುತ್ತದೆ, ದತ್ತಾಂಶ ಮಾಯ. ಅದಕ್ಕೇ ಎರಡನ್ನೂ ಒಟ್ಟಿಗೆ ಹೊಂದಿಸಿದ್ದು. `savefig`ಗೆ `bbox_inches="tight"` ಕೊಡುವ ಅಭ್ಯಾಸವಿದ್ದರೆ ಇಲ್ಲಿ ಬಿಡಬೇಕು. ಅದು ಸುತ್ತಲಿನ ಖಾಲಿ ಅಂಚನ್ನು ಕತ್ತರಿಸುವುದರಿಂದ ಫೈಲಿನ ಗಾತ್ರ ನಾವು ಕೊಟ್ಟ 781 ಇರುವುದಿಲ್ಲ. ಮತ್ತೆ ಕಾಲಮ್‌ಗೆ ಎಳೆದು ಕೂರಿಸಿದಾಗ ಒಂದೊಂದು ಚಿತ್ರ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ, ಮೂರರಲ್ಲೂ ಅಕ್ಷರ ಬೇರೆಬೇರೆಯಾಗುತ್ತದೆ.

ಗೆರೆಗಳ ಹೆಸರನ್ನು ಮೂಲೆಯ ಪೆಟ್ಟಿಗೆಯಲ್ಲಿ ಕೊಡುವ ಬದಲು ಗೆರೆಯ ಪಕ್ಕದಲ್ಲೇ, ಅದೇ ಬಣ್ಣದಲ್ಲಿ ಬರೆದರೆ ಕಣ್ಣು ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ. ಬಣ್ಣ ಕೆಂಪು-ಹಸಿರಿನ ಜೋಡಿ ಬೇಡ, ನೀಲಿ-ಕಿತ್ತಳೆ ಆಗಬಹುದು. ಕ್ಯಾಲಿಬ್ರೇಶನ್ ಗ್ರಾಫ್‌ನ ಎರಡೂ ಅಕ್ಷಗಳಿಗೆ ಒಂದೇ ಅಳತೆ ಬೇಕಾಗಿ ಅದು ಚೌಕವಾದರೆ 378 × 220ರಲ್ಲಿ ಪಕ್ಕಕ್ಕೆ ಜಾಗ ಉಳಿಯುತ್ತದೆ. ಅದಕ್ಕಾಗಿ ಗ್ರಾಫನ್ನು ಹಿಗ್ಗಿಸಬೇಡಿ, ಸಮೀಕರಣವನ್ನೂ ಮಾದರಿ ಸಂಖ್ಯೆಯನ್ನೂ ಅಲ್ಲಿ ಬರೆಯಿರಿ.

ಪವರ್‌ಪಾಯಿಂಟ್‌ನಲ್ಲಿ ಜೋಡಿಸುವವರು ಮೊದಲೇ ಸ್ಲೈಡ್ ಗಾತ್ರವನ್ನು 84.1 × 118.9 ಸೆಂ.ಮೀ. ಮಾಡಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಗಾತ್ರ ಬದಲಿಸಿದರೆ ಚಿತ್ರ, ಪಠ್ಯ ಎಲ್ಲ ಜಾಗ ತಪ್ಪುತ್ತವೆ. ಎಸ್‌ವಿಜಿ ಹಾಕಿದರೆ ಗೆರೆಗಳು ಎಷ್ಟು ದೊಡ್ಡದಾದರೂ ಚೂಪಾಗಿರುತ್ತವೆ. ಫೋಟೋಗಳಿದ್ದರೆ ಆಯ್ಕೆಗಳಲ್ಲಿ `Do not compress images in file` ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಉಳಿಸುವಾಗ ಅವುಗಳ ಪಿಕ್ಸೆಲ್ ಕಡಿಮೆಯಾಗಬಹುದು.

ಮುದ್ರಣಕ್ಕೆ ಕೊಡುವ ಮುನ್ನ ಪಿಡಿಎಫ್ ಅನ್ನು ಎ4 ಹಾಳೆಯಲ್ಲಿ ತೆಗೆದು ನೋಡುತ್ತೇನೆ. ಎ4 ಹಾಳೆಯ ಉದ್ದ ಅಗಲ ಎ0ಯ ಕಾಲು ಭಾಗ, ಆದ್ದರಿಂದ ಅದನ್ನು 40 ಸೆಂ.ಮೀ. ದೂರದಲ್ಲಿ ಹಿಡಿದರೆ ಪೋಸ್ಟರ್ ಮುಂದೆ 160 ಸೆಂ.ಮೀ. ದೂರ ನಿಂತವರಿಗೆ ಕಾಣುವಷ್ಟೇ ಕಾಣುತ್ತದೆ. 28 ಪಾಯಿಂಟ್ ಇಲ್ಲಿ 7 ಪಾಯಿಂಟ್ ಆಗಿರುತ್ತದೆ, ಕಷ್ಟವಿಲ್ಲದೆ ಓದಬಹುದು. 14.7 ಇದ್ದದ್ದು 3.7ಕ್ಕೆ ಇಳಿದು ಇರುವೆ ಸಾಲಿನಂತಾಗುತ್ತದೆ. ಇಲ್ಲಿ ಓದಲಾಗದ ಅಕ್ಷರ ಕಂಡರೆ ಅದನ್ನಷ್ಟೇ ದೊಡ್ಡದು ಮಾಡುವುದಿಲ್ಲ, ಆ ಚಿತ್ರದಿಂದ ಒಂದು ಗ್ರಾಫನ್ನೋ ಒಂದು ಗೆರೆಯನ್ನೋ ತೆಗೆದು ಮತ್ತೆ ಬರೆಸುತ್ತೇನೆ. ಅದೇ ಹಾಳೆಯನ್ನು ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಟ್ಟು, ಓದುತ್ತಾ ಹೋದಂತೆ ಬೆರಳಿಡಲು ಹೇಳಿದರೆ ಹರಿವು ಎಲ್ಲಿ ಕಡಿಯುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಬೆರಳು ವಿಧಾನದಿಂದ ಬಲಕ್ಕೆ ಜಾರಿದರೆ ಕಾಲಮ್‌ಗಳ ನಡುವಿನ 25ನ್ನು 35 ಮಾಡಿ, ಕಾಲಮ್ ಅಗಲವನ್ನು 373ಕ್ಕೆ ಇಳಿಸಿ, ಸಣ್ಣ ಚಿತ್ರಗಳೆರಡನ್ನೂ ಆ ಅಗಲಕ್ಕೆ ಇನ್ನೊಮ್ಮೆ ಬರೆಸಬೇಕು.