ಜೇನಿನ ಕುಣಿತ ಸರಿ ಇತ್ತು, ನನ್ನ ಸೂರ್ಯ ತಪ್ಪಿದ್ದ

ಕಾಸರಗೋಡಿನ ಮುಳ್ಳೇರಿಯದಿಂದ ಸ್ವಲ್ಪ ಒಳಗೆ ನಮ್ಮ ತೋಟ. ಕಂಗಿನ ನಡುವೆ ಒಂಬತ್ತು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಹುಳಗಳು ಎಲ್ಲಿಗೆ ಹೋಗಿ ಬರುತ್ತವೆ ಎಂದು ಯಾರಾದರೂ ಕೇಳಿದರೆ "ಆಚೆ ಗುಡ್ಡೆಗೆ" ಎಂದು ಕೈ ತೋರಿಸಿಬಿಡುತ್ತಿದ್ದೆ. ಯಾವ ಗುಡ್ಡೆ ಎಂದು ನನಗೂ ಗೊತ್ತಿರಲಿಲ್ಲ. ಒಂದು ಫೆಬ್ರವರಿಯಲ್ಲಿ ಅದನ್ನು ಹುಳಗಳ ಬಾಯಿಂದಲೇ, ಅಂದರೆ ಅವುಗಳ ಕುಣಿತದಿಂದಲೇ, ತಿಳಿಯೋಣ ಎಂದು ಹೊರಟೆ.

ಮೊದಲು ಬೇಕಾದದ್ದು ಗಾಜಿನ ಪೆಟ್ಟಿಗೆ. ಒಂದೇ ಚೌಕಟ್ಟು ಹಿಡಿಯುವಷ್ಟು ಅಗಲ, ಎರಡೂ ಬದಿಗೆ ಗಾಜು, ಮೇಣದ ಎರಿಗೂ ಗಾಜಿಗೂ ನಡುವೆ ಒಂದು ಹುಳ ಆರಾಮವಾಗಿ ಓಡಾಡುವಷ್ಟು ಸಂದು. ಮೊದಲ ಸಲ ನಾನು ಮಾಡಿದ ಪೆಟ್ಟಿಗೆಯಿಂದ ಕುಟುಂಬ ಮೂರನೇ ದಿನಕ್ಕೇ ಓಡಿಹೋಯಿತು. ತುಡುವೆಯ ಸ್ವಭಾವವೇ ಹಾಗೆ, ಮನಸ್ಸಿಗೆ ಬಾರದಿದ್ದರೆ ಮೊಟ್ಟೆ ಮರಿಗಳನ್ನೂ ಬಿಟ್ಟು ಹೊರಡುತ್ತದೆ. ಹಗಲಿಡೀ ಬೆಳಕು ಬೀಳುವಂತೆ ಇಟ್ಟದ್ದು ನನ್ನದೇ ತಪ್ಪು. ಎರಡನೇ ಸಲ ರಾಣಿಯ ಜತೆ ಮರಿಗಳು ತುಂಬಿದ ಎರಿ ಇಟ್ಟು, ಗಾಜಿಗೆ ದಪ್ಪ ಬಟ್ಟೆಯ ಪರದೆ ಕಟ್ಟಿ, ಜಗಲಿಯ ತಂಪಿನಲ್ಲಿ ಇಟ್ಟೆ. ನೋಡುವಾಗ ಮಾತ್ರ ಪರದೆ ಸರಿಸಿ ಕೆಂಪು ಜಿಲೇಟಿನ್ ಕಾಗದ ಅಡ್ಡ ಹಿಡಿಯುತ್ತೇನೆ. ಕೆಂಪು ಬಣ್ಣ ಜೇನಿನ ಕಣ್ಣಿಗೆ ಕತ್ತಲೆಯೇ.

ಬೆಳಕಿನ ವಿಷಯದಲ್ಲಿ ಇಷ್ಟು ಜಾಗ್ರತೆ ಯಾಕೆಂದರೆ, ಕುಣಿತದ ಲೆಕ್ಕವೆಲ್ಲ ಕತ್ತಲಿನದು. ಹೊರಗೆ ಹಾರುವಾಗ ಜೇನು ದಾರಿ ಹಿಡಿಯುವುದು ಸೂರ್ಯನನ್ನು ನೋಡಿ. ಗೂಡಿನೊಳಗೆ ಸೂರ್ಯ ಕಾಣುವುದಿಲ್ಲ, ಎರಿ ಗೋಡೆಯ ಹಾಗೆ ನೇರ ನಿಂತಿರುತ್ತದೆ. ಹಾಗಾಗಿ ಎರಿಯ ಮೇಲೆ "ನೇರ ಮೇಲಕ್ಕೆ" ಅಂದರೆ "ಸೂರ್ಯನ ಕಡೆಗೆ" ಎಂಬ ಒಪ್ಪಂದ. ಹುಳ ನೇರ ಮೇಲಕ್ಕೆ ಹೊಟ್ಟೆ ಅಲ್ಲಾಡಿಸುತ್ತ ಓಡಿದರೆ ಹೂವು ಸೂರ್ಯನಿರುವ ದಿಕ್ಕಿಗೆ. ಕೆಳಮುಖ ಓಡಿದರೆ ಸೂರ್ಯನಿಗೆ ಬೆನ್ನು ಹಾಕಿ ಹೋಗಬೇಕು. ನೇರ ಗೆರೆಯಿಂದ ಎಡಕ್ಕೆ 50 ಡಿಗ್ರಿ ಓರೆಯಾಗಿ ಓಡಿದರೆ ಸೂರ್ಯನಿಗಿಂತ 50 ಡಿಗ್ರಿ ಎಡಕ್ಕೆ. ಆಕಾಶದ ಬೆಳಕು ಎರಿಗೆ ನೇರ ಬಿದ್ದರೆ ಹುಳಕ್ಕೆ ಎರಡು ಗುರುತುಗಳು ಒಟ್ಟಿಗೆ ಸಿಕ್ಕಿ ಕೋನ ಕೆಡುತ್ತದೆ. ಈ ಗುಟ್ಟನ್ನು ಬಿಡಿಸಿದವರು ಆಸ್ಟ್ರಿಯದ ಕಾರ್ಲ್ ಫಾನ್ ಫ್ರಿಷ್. 1973ರಲ್ಲಿ ಅವರಿಗೆ ನೊಬೆಲ್ ಬಂತು. (ನಮ್ಮ ಬೇಲಿಯ ಕೋಲುಜೇನಿಗೆ ಈ ತರ್ಜುಮೆಯ ತಾಪತ್ರಯವೇ ಇಲ್ಲ. ಅದು ಕೊಂಬೆಯ ಮೇಲಿನ ಚಪ್ಪಟೆ ಜಾಗದಲ್ಲಿ, ಬಯಲಲ್ಲೇ, ಹೂವಿನ ದಿಕ್ಕಿಗೇ ಮುಖ ಮಾಡಿ ಕುಣಿಯುತ್ತದೆ.)

ಕುಣಿತ ನಡೆಯುವುದು ಹೆಚ್ಚಾಗಿ ಎರಿಯ ಕೆಳಭಾಗದಲ್ಲಿ, ಬಾಗಿಲಿನ ಹತ್ತಿರ. ಹೊರಗಿಂದ ಬಂದ ಹುಳ ಮೊದಲು ಮಕರಂದವನ್ನು ಯಾರಿಗಾದರೂ ದಾಟಿಸುತ್ತದೆ. ಮತ್ತೆ ಒಮ್ಮೆಗೇ ಹೊಟ್ಟೆಯನ್ನು ಎಡಬಲ ಅಲ್ಲಾಡಿಸುತ್ತ ಒಂದೆರಡು ಸೆಂಟಿಮೀಟರು ನೇರ ಸಾಗುತ್ತದೆ, ಬಲಕ್ಕೆ ಸುತ್ತಿ ಹೊರಟ ಜಾಗಕ್ಕೇ ಬರುತ್ತದೆ, ಪುನಃ ನೇರ ಓಟ, ಈ ಸಲ ಎಡಕ್ಕೆ ಸುತ್ತು. ನಮ್ಮ 8 ಅಂಕೆಯನ್ನು ಮಲಗಿಸಿದ ಹಾಗೆ. ನಾಲ್ಕೈದು ಹುಳಗಳು ಮೀಸೆ ತಾಗಿಸಿಕೊಂಡು ಹಿಂದೆ ಬಿದ್ದಿರುತ್ತವೆ. ಕತ್ತಲೆಯಲ್ಲಿ ಅವು ನೋಡುವುದಿಲ್ಲ, ಮುಟ್ಟಿ, ರೆಕ್ಕೆಯ ಗುಂಯ್ ಕೇಳಿ, ಕುಣಿಯುವವಳ ಮೈಯ ಹೂವಿನ ವಾಸನೆ ಹಿಡಿದು ತಿಳಿಯುತ್ತವೆ. ಆಗಾಗ ಕುಣಿತ ನಿಲ್ಲಿಸಿ ಒಂದು ಹನಿ ರುಚಿ ತೋರಿಸುವುದೂ ಇದೆ. ಹೂವು ಚೆನ್ನಾಗಿದ್ದಷ್ಟೂ ಓಟಗಳ ಸಂಖ್ಯೆ ಹೆಚ್ಚು.

ಹೊಟ್ಟೆ ಅಲ್ಲಾಡಿಸುತ್ತ ಓಡುವ ಸಮಯವೇ ದೂರದ ಲೆಕ್ಕ. ಈ ಲೆಕ್ಕ ಎಲ್ಲ ಜೇನಿಗೂ ಒಂದೇ ಅಲ್ಲ. ಯುರೋಪಿನ ಮೆಲ್ಲಿಫೆರಾದ್ದು ಸುಮಾರಾಗಿ ಕಿಲೋಮೀಟರಿಗೆ ಒಂದು ಸೆಕೆಂಡು. ತುಡುವೆ ಅದೇ ಒಂದು ಸೆಕೆಂಡು ಕುಣಿದರೆ ಅಷ್ಟು ದೂರ ಹೋಗಬೇಕಿಲ್ಲ. ತುಡುವೆ, ಹೆಜ್ಜೇನು, ಕೋಲುಜೇನು ಮೂರನ್ನೂ ಬೆಂಗಳೂರಿನಲ್ಲಿ ಹೋಲಿಸಿದ ಅಧ್ಯಯನ 2020ರಲ್ಲಿ ಬಂತು. ಅದರಲ್ಲೂ ಹತ್ತಿರದಲ್ಲೇ ಮೇಯುವ ತುಡುವೆಯ ಕುಣಿತವೇ ದೂರಕ್ಕೆ ಹೋಲಿಸಿದರೆ ಹೆಚ್ಚು ಉದ್ದ. ಪುಸ್ತಕದ ಅಂಕೆ ನಂಬುವುದಕ್ಕಿಂತ ನನ್ನ ಪೆಟ್ಟಿಗೆಯದನ್ನೇ ಅಳೆಯೋಣ ಎಂದು ಸಕ್ಕರೆ ಪಾಕದ ತಟ್ಟೆಯನ್ನು ಪೆಟ್ಟಿಗೆಯ ಬಾಗಿಲಲ್ಲಿಟ್ಟು, ಬಂದ ಹುಳಗಳ ಬೆನ್ನಿಗೆ ಉಗುರಿನ ಬಣ್ಣದ ಚುಕ್ಕೆ ಹಾಕಿ, ದಿನಕ್ಕಿಷ್ಟು ಎಂದು ಗದ್ದೆಯ ಬದುವಿನಲ್ಲಿ ತಟ್ಟೆಯನ್ನು ದೂರ ಒಯ್ದೆ. ಒಮ್ಮೆಗೇ ಹೆಚ್ಚು ದೂರ ಒಯ್ದರೆ ಯಾರೂ ಬರುವುದಿಲ್ಲ. ಫೋನಿನ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ, ಅದನ್ನು ಒಂದೊಂದಾಗಿ ಎಣಿಸಿದೆ. 100 ಮೀಟರಿಗೆ ಸುಮಾರು 0.3 ಸೆಕೆಂಡು, 200ಕ್ಕೆ 0.5, 300ಕ್ಕೆ 0.7. ಇದು ನನ್ನ ಪೆಟ್ಟಿಗೆಯ ಅಳತೆ, ನಿಮ್ಮದು ನೀವೇ ನೋಡಿಕೊಳ್ಳಬೇಕು.

ಕೋನಕ್ಕೆ ಗಾಜಿನ ಮುಂದೆ ನೂಲಿಗೆ ನಟ್ಟು ಕಟ್ಟಿ ಇಳಿಬಿಟ್ಟೆ. ನೂಲು ವಿಡಿಯೋದಲ್ಲಿ ಕಾಣುತ್ತದೆ, ಪರದೆಯ ಮೇಲೆ ಮಕ್ಕಳ ಕೋನಮಾಪಕ ಇಟ್ಟು ಅಳೆದರಾಯಿತು. ಒಂದೇ ಓಟ ನೋಡಿ ತೀರ್ಮಾನ ಮಾಡಬಾರದು. ಹತ್ತಿರದ ಹೂವಿಗೆ ಕುಣಿಯುವಾಗ ಒಂದು ಓಟ ಎಡಕ್ಕೆ, ಇನ್ನೊಂದು ಬಲಕ್ಕೆ ಚೆನ್ನಾಗಿಯೇ ಚದುರುತ್ತದೆ. ಎಂಟು ಓಟಗಳ ಸರಾಸರಿ ತೆಗೆದರೆ ನಡುವಿನ ಗೆರೆ ಸಿಗುತ್ತದೆ.

ಫೆಬ್ರವರಿ 20, ಬೆಳಿಗ್ಗೆ 10 ಗಂಟೆ. ಒಬ್ಬಳು ನೇರ ಗೆರೆಯಿಂದ ಎಡಕ್ಕೆ 50 ಡಿಗ್ರಿ, ಪ್ರತಿ ಓಟ ಸುಮಾರು 33 ಚಿತ್ರ, ಅಂದರೆ 1.1 ಸೆಕೆಂಡು. ಅಂಗಳದಲ್ಲಿ ನೆಟ್ಟ ಕೋಲಿನ ನೆರಳಿಗೆ ವಿರುದ್ಧ ದಿಕ್ಕು ದಿಕ್ಸೂಚಿಯಲ್ಲಿ 118 ಡಿಗ್ರಿ, ಪೂರ್ವದಿಂದ ದಕ್ಷಿಣಕ್ಕೆ ಸ್ವಲ್ಪ ವಾಲಿ ಸೂರ್ಯ. 118ರಲ್ಲಿ 50 ಕಳೆದರೆ 68. ಪೂರ್ವದಿಂದ ತುಸು ಉತ್ತರಕ್ಕೆ, ಸುಮಾರು 500 ಮೀಟರು. ಆ ಗೆರೆ ಹಿಡಿದು ಹೋದರೆ ತೋಡಿನಾಚೆ ಗುಡ್ಡೆಯ ರಬ್ಬರು ತೋಟ. ಎಲೆ ಉದುರಿ ಕೆಂಪು ತಳಿರು ಬಂದಿತ್ತು. ರಬ್ಬರಿನಲ್ಲಿ ಜೇನು ಹೂವಿಗಿಂತ ಹೆಚ್ಚಾಗಿ ಎಳೆ ಎಲೆಗೆ ಹೋಗುತ್ತದೆ, ಮೂರು ಎಲೆಗಳು ತೊಟ್ಟಿಗೆ ಕೂಡುವಲ್ಲಿ ಸಿಹಿ ಒಸರುತ್ತದೆ. ಅಲ್ಲಿ ಗುಂಯ್‌ಗುಟ್ಟುವುದು ಕೇಳಿ ನಾನು ಒಬ್ಬನೇ ನಕ್ಕೆ.

ನಕ್ಷೆಯಲ್ಲಿ ನೋಡಿದರೆ ದೂರ 430 ಮೀಟರು. 70 ಮೀಟರು ಹೆಚ್ಚಾದದ್ದು ಹೇಗೆ? ಜೇನು ದೂರ ಅಳೆಯುವುದು ಕಣ್ಣ ಪಕ್ಕದಲ್ಲಿ ಹಿಂದಕ್ಕೆ ಸರಿಯುವ ದೃಶ್ಯದಿಂದ. 2000ದಲ್ಲಿ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು ಇಕ್ಕಟ್ಟಾದ, ಗೋಡೆಗೆ ಚಿತ್ತಾರವಿದ್ದ ಸುರಂಗದಲ್ಲಿ ಜೇನನ್ನು ಹಾರಿಸಿದರು. (ನೀರಿಗಾಗಿ ನಾವು ಗುಡ್ಡೆ ಕೊರೆಯುವ ಸುರಂಗವಲ್ಲ, ಬರೇ ಕೆಲವು ಮೀಟರಿನದು.) ಹೊರಬಂದ ಹುಳಗಳು ನೂರು ಮೀಟರಿಗೂ ಮೀರಿ ಹೋಗಿ ಬಂದವರ ಹಾಗೆ ಕುಣಿದವು. ಬದುವಿನ ಬಯಲಲ್ಲಿ ಮಾಡಿದ ನನ್ನ ಅಳತೆ ಒತ್ತೊತ್ತಾಗಿ ಕಂಗು ನಿಂತ ದಾರಿಗೆ ಹೊಂದದೆ ಇದ್ದದ್ದು ಅದಕ್ಕೇ ಎಂದು ನನ್ನ ಅಂದಾಜು. ಗೂಡಿನವರಿಗೆ ಇದರಿಂದ ತೊಂದರೆ ಇಲ್ಲ, ಅವರು ಹಾರುವುದೂ ಅದೇ ದಾರಿಯಲ್ಲಿ.

ಇಷ್ಟಾದ ಮೇಲೆ ನನಗೆ ಸೊಕ್ಕು ಬಂತು. ಪ್ರತಿ ಸಲ ನೆರಳು ಅಳೆಯುವುದೇಕೆ ಎಂದು ಯಾವ ಗಂಟೆಗೆ ಸೂರ್ಯ ಎಷ್ಟು ಡಿಗ್ರಿ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮೇ 15ಕ್ಕೆ, ಹನ್ನೊಂದೂವರೆಗೆ, ಹೊಸ ಕುಣಿತ. ಎಡಕ್ಕೆ 100 ಡಿಗ್ರಿ, 0.7 ಸೆಕೆಂಡು. ಪುಸ್ತಕದಲ್ಲಿ ಹನ್ನೊಂದೂವರೆಯ ಸೂರ್ಯ 142. ಹಾಗಾದರೆ 42 ಡಿಗ್ರಿ, ಈಶಾನ್ಯಕ್ಕೆ 300 ಮೀಟರು. ಅಲ್ಲಿರುವುದು ಭಾವನ ಮನೆ. ಹಿತ್ತಿಲೆಲ್ಲ ಸುತ್ತಿದೆ, ಒಂದು ಹುಳ ಇಲ್ಲ. ಭಾವ ಜಗಲಿಯಿಂದಲೇ ಕೇಳಿದ:

"ಎಂತ ಹುಡುಕುವುದು ಮಾರಾಯ, ದನ ಕಟ್ಟು ಬಿಡಿಸಿಕೊಂಡಿತಾ?"

"ಜೇನು ಇಲ್ಲಿಗೇ ಬರ್ತದೆ ಭಾವ, ಲೆಕ್ಕದಲ್ಲಿ ಬಂದಿದೆ."

"ಲೆಕ್ಕ ಮಾಡುವವನು ಮೊದಲು ಈ ಮಾಡಿನ ನೆರಳು ನೋಡು. ಈಗ ಬಿಸಿಲು ಬಡಗಿನಿಂದ. ನನ್ನ ಹಪ್ಪಳದ ಚಾಪೆಯನ್ನೇ ಈಚೆಗೆ ತಂದಾಯಿತು."

ತಲೆ ಎತ್ತಿ ನೋಡಿದೆ. ಕಾಸರಗೋಡು ಇರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿಗೆ ಸೂರ್ಯ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 18ರ ಸುಮಾರಿಗೆ ಪುನಃ ದಕ್ಷಿಣಕ್ಕೆ ಬರುತ್ತಾನೆ. ನಡುವಿನ ನಾಲ್ಕು ತಿಂಗಳು ನಮ್ಮ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ. ಯುರೋಪಿನವರ ವಿವರಣೆಯಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ. ಅಂಗಳಕ್ಕೆ ಓಡಿ ಬಂದು ಕೋಲು ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ಮರುದಿನ ಅದೇ ಹನ್ನೊಂದೂವರೆಗೆ ಅಳೆದರೆ ಸೂರ್ಯ 63 ಡಿಗ್ರಿಯಲ್ಲಿ! ಕುಣಿತ ಹಾಗೆಯೇ ಎಡಕ್ಕೆ 100. ಅರುವತ್ತಮೂರರಲ್ಲಿ ನೂರು ಕಳೆದರೆ ಉತ್ತರದಿಂದ ಪಶ್ಚಿಮಕ್ಕೆ 37 ಡಿಗ್ರಿ, ವಾಯುವ್ಯ. ಭಜನಾ ಮಂದಿರದ ಹಿಂದಿನ ಹುಣಸೆ ಮರ. ಹಳದಿ ಹೂ ಬಿಟ್ಟು, ಕೊಂಬೆಯೆಲ್ಲ ಗುಂಯ್ ಎನ್ನುತ್ತಿತ್ತು.

ಆಮೇಲೆ ಗೊತ್ತಾದ ಇನ್ನೊಂದು ಸಂಗತಿ, ನಿಮಿಷವನ್ನೂ ಬರೆದಿಡಬೇಕು. ಫೆಬ್ರವರಿಯಲ್ಲಿ ಹತ್ತರಿಂದ ಹನ್ನೊಂದೂವರೆಯವರೆಗೆ ಸೂರ್ಯನ ದಿಕ್ಕು ಸರಿದದ್ದು 24 ಡಿಗ್ರಿ. ಮೇ ತಿಂಗಳಲ್ಲಿ ಹನ್ನೊಂದೂವರೆಗೆ 63ರಲ್ಲಿದ್ದವನು ಹನ್ನೆರಡು ಇಪ್ಪತ್ತಾರಕ್ಕೆ ನೇರ ಉತ್ತರದಲ್ಲಿರುತ್ತಾನೆ, ನಿಮಿಷಕ್ಕೆ ಒಂದು ಡಿಗ್ರಿಗೂ ಮಿಕ್ಕಿ. ನಮ್ಮಲ್ಲಿ ಗಡಿಯಾರದ ಹನ್ನೆರಡಕ್ಕೆ ನಡುಹಗಲಾಗುವುದಿಲ್ಲ, ಸುಮಾರು ಅರ್ಧ ಗಂಟೆ ತಡ. ಜೇನು ಈ ಓಟವನ್ನು ತನ್ನೊಳಗಿನ ಗಡಿಯಾರದಿಂದ ಸರಿದೂಗಿಸುತ್ತದೆ, ಒಂದೇ ಹುಣಸೆಗೆ ಹೋದರೂ ಅದರ ಕುಣಿತದ ಕೋನ ಹೊತ್ತು ಹೋದ ಹಾಗೆ ತಿರುಗುತ್ತಲೇ ಇರುತ್ತದೆ. ಹತ್ತು ನಿಮಿಷ ಹಿಂದಿನ ನೆರಳಿಗೆ ಈಗಿನ ಕುಣಿತ ಕೂಡಿಸಿದರೆ ನಿಮ್ಮನ್ನೂ ಭಾವನ ಹಿತ್ತಿಲಿಗೆ ಕಳಿಸುತ್ತದೆ.

ಮರುವರ್ಷ ಏಪ್ರಿಲ್ 24ಕ್ಕೆ ಹನ್ನೆರಡು ಗಂಟೆಯಿಂದಲೇ ಗಾಜಿನ ಮುಂದೆ ಕೂತೆ. ಸೂರ್ಯ ನೆತ್ತಿಗೆ ತೀರಾ ಹತ್ತಿರ ಬಂದಾಗ ಜೇನು ದಿಕ್ಕು ಹೇಳಲಾರದು ಎಂದು ಮಾರ್ಟಿನ್ ಲಿಂಡೌವರ್ 1950ರ ದಶಕದಲ್ಲಿ ಶ್ರೀಲಂಕಾದಲ್ಲಿ ಕಂಡಿದ್ದರು, ನನ್ನದರಲ್ಲೂ ನೋಡುವ ಆಸೆ. ಹನ್ನೆರಡು ಇಪ್ಪತ್ತರ ತನಕ ಕುಣಿತ ಇತ್ತು. ಇಪ್ಪತ್ತೈದರ ನಂತರ ಹೊಟ್ಟೆ ತುಂಬಿಕೊಂಡು ಬಂದ ಒಬ್ಬಳು ಎರಡು ಸಲ ಓಡಿ, ಎರಡೂ ಬೇರೆ ಬೇರೆ ದಿಕ್ಕಿಗೆ, ಮತ್ತೆ ಸುಮ್ಮನೆ ಎರಿಯ ಮೇಲೆ ನಿಂತುಬಿಟ್ಟಳು. ಅಂಗಳದ ಕೋಲಿಗೆ ಬುಡದಲ್ಲಿ ಮಾತ್ರ ನೆರಳು. ಹನ್ನೆರಡು ನಲ್ವತ್ತಕ್ಕೆ ಪುನಃ ಕುಣಿತ ಶುರುವಾಯಿತು.