ಬೆವರಿನಿಂದ ಶುರುಮಾಡಿದ ಬೀಟಾ ಬ್ಲಾಕರ್ ಗೈಡ್

ಕಾರವಾರದಲ್ಲಿ ನರ್ಸಿಂಗ್ ಮಕ್ಕಳಿಗೆ ಫಾರ್ಮಕಾಲಜಿ ಹೇಳಿಕೊಡುತ್ತೇನೆ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈಬದಲಾಗುತ್ತ ಬಂದ ನೋಟ್ಸ್ ಒಂದು ಇಲ್ಲಿ ಓಡಾಡುತ್ತಿತ್ತು. ಅದರಲ್ಲಿ ಬೀಟಾ ಬ್ಲಾಕರ್‌ಗಳ ಅಡ್ಡಪರಿಣಾಮಗಳದ್ದೇ ಒಂದು ಪುಟ. ಕೈಕಾಲು ತಣ್ಣಗಾಗುವುದು, ಕೆಟ್ಟ ಕನಸು, ಇವೆರಡರ ನಡುವೆ ‘ಶುಗರ್ ಇಳಿದ ಲಕ್ಷಣಗಳನ್ನು ಮರೆಮಾಡುತ್ತದೆ’ ಎಂಬ ಸಾಲು. ಮಕ್ಕಳು ಅದನ್ನು ಗಡಗಡ ಒಪ್ಪಿಸುತ್ತಿದ್ದರು. ಯಾವ ಲಕ್ಷಣ ಮರೆಯಾಗುತ್ತದೆ, ಯಾವುದು ಉಳಿಯುತ್ತದೆ ಎಂದು ಕೇಳಿದರೆ ಮಾತಿಲ್ಲ. ವಾರ್ಡಿನಲ್ಲಿ ಬೇಕಾಗುವುದು ಅದೇ. ಹಾಗಾಗಿ ಹೊಸ ಗೈಡ್ ಬರೆಯಲು ಕೂತಾಗ ಆ ಒಂದು ಸಾಲನ್ನೇ ಹಿಡಿದುಕೊಂಡೆ.

ಮೊದಲ ಪುಟದಲ್ಲಿ ಔಷಧಗಳ ಪಟ್ಟಿ ಹಾಕಲಿಲ್ಲ, ದೇಹದ ಚಿತ್ರ ಬರೆದೆ. ಹೃದಯದ ಮೇಲೆ ಬೀಟಾ-1 ರಿಸೆಪ್ಟರ್, ಮೂತ್ರಪಿಂಡದ ಮೇಲೂ ಬೀಟಾ-1. ಶ್ವಾಸನಾಳ, ಯಕೃತ್ತು, ಕೈಕಾಲಿನ ಸ್ನಾಯುಗಳ ಮೇಲೆ ಬೀಟಾ-2. ಒಂದೊಂದರ ಪಕ್ಕದಲ್ಲೂ ಅಡ್ರಿನಲಿನ್ ಅಲ್ಲಿ ಏನು ಮಾಡುತ್ತದೆ ಎಂದು ಬರೆಯುವುದು ಮಕ್ಕಳ ಕೆಲಸ: ಹೃದಯ ಜೋರಾಗಿ ಬಡಿಯುತ್ತದೆ, ಮೂತ್ರಪಿಂಡ ರೆನಿನ್ ಬಿಡುತ್ತದೆ, ಶ್ವಾಸನಾಳ ಅಗಲವಾಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಕೈ ನಡುಗುತ್ತದೆ. ಆಮೇಲೆ ಎಲ್ಲದರ ಮುಂದೆ ‘ಇಲ್ಲ’ ಎಂದು ಬರೆಯಿರಿ ಎಂದರೆ, ಎರಡೂ ರಿಸೆಪ್ಟರ್‌ಗಳನ್ನು ತಡೆಯುವ ಪ್ರೊಪ್ರನಲಾಲ್ ಪಾಠ ಮುಕ್ಕಾಲು ಮುಗಿಯಿತು. ಬಿಪಿ ಏಕೆ ಇಳಿಯುತ್ತದೆ, ನಾಡಿ ಏಕೆ ನಿಧಾನವಾಗುತ್ತದೆ, ಅಸ್ತಮಾ ಇದ್ದವರಿಗೆ ಇದನ್ನು ಏಕೆ ಕೊಡಬಾರದು ಎಂಬುದೆಲ್ಲ ಚಿತ್ರದಿಂದಲೇ ಬರುತ್ತದೆ. ಮೆಟೊಪ್ರೊಲಾಲ್, ಅಟೆನಲಾಲ್, ಬಿಸೊಪ್ರೊಲಾಲ್‌ಗಳು ಹೆಚ್ಚಾಗಿ ಬೀಟಾ-1 ಅನ್ನೇ ತಡೆಯುತ್ತವೆ. ಆದರೆ ಡೋಸ್ ಏರಿದಂತೆ ಆ ಭೇದ ಕರಗುತ್ತದೆ. ‘ಇದು ಹೃದಯಕ್ಕೆ ಮಾತ್ರ’ ಎಂದು ನಂಬಿ ಅಸ್ತಮಾ ಇದ್ದವರ ಉಸಿರಿನ ಸದ್ದು ಕೇಳದೆ ಬಿಡಬಾರದು ಎಂಬುದನ್ನು ಅಲ್ಲೇ ಸೇರಿಸಿದೆ.

ಈಗ ಬೆವರಿಗೆ ಬರೋಣ. ಬೆವರು ಗ್ರಂಥಿಗೆ ಹೋಗುವ ನರ ಸಿಂಪಥೆಟಿಕ್ ನರವೇ. ಆದರೆ ಅದರ ತುದಿಯಲ್ಲಿ ಹೊರಬೀಳುವುದು ನಾರ್‌ಅಡ್ರಿನಲಿನ್ ಅಲ್ಲ, ಅಸಿಟೈಲ್‌ಕೋಲಿನ್. ಬೀಟಾ ಬ್ಲಾಕರ್‌ಗೆ ಅಲ್ಲಿ ಕೆಲಸವಿಲ್ಲ. ಆದ್ದರಿಂದ ಶುಗರ್ ಇಳಿದಾಗ ಎದೆ ಡವಡವ ಎನ್ನುವುದು, ಕೈ ನಡುಗುವುದು ಮರೆಯಾದರೂ ಬೆವರು ಉಳಿಯುತ್ತದೆ. ಬೇರೆ ಊರಿನ ಪುಸ್ತಕದಲ್ಲಿ ಇಷ್ಟು ಬರೆದು ಮುಂದೆ ಹೋಗಬಹುದು. ನಮ್ಮ ಕರಾವಳಿಯಲ್ಲಿ ಆಗದು. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಬೆವರದವರು ಯಾರು? ಉಳಿದ ಆ ಎಚ್ಚರಿಕೆಯನ್ನೂ ಸೆಕೆ ನುಂಗಿಹಾಕುತ್ತದೆ.

ಅದಕ್ಕೇ ಗೈಡಿನ ನಡುವೆ ಒಂದು ಕೇಸ್ ಕಟ್ಟಿದೆ. ಅಂಕೋಲಾ ಕಡೆಯ 58 ವರ್ಷದ ಗಂಡಸು. ಶುಗರ್‌ಗೆ ದಿನಾ ಬೆಳಿಗ್ಗೆ ಗ್ಲಿಮೆಪಿರೈಡ್ 2 ಮಿ.ಗ್ರಾಂ, ಕೈನಡುಕಕ್ಕೆ ಪ್ರೊಪ್ರನಲಾಲ್ 40 ಮಿ.ಗ್ರಾಂ ದಿನಕ್ಕೆರಡು ಸಲ. ಅಂದು ಸಂಕಷ್ಟಿ, ಮಾತ್ರೆ ಎರಡೂ ನುಂಗಿ, ಬರೀ ಚಹಾ ಕುಡಿದು ಚಂದ್ರೋದಯಕ್ಕೆ ಕಾಯುತ್ತಿದ್ದಾರೆ. ಬೆಳಿಗ್ಗೆ ಹನ್ನೊಂದೂವರೆಗೆ ಹೆಂಡತಿ ಆಸ್ಪತ್ರೆಗೆ ಕರೆತಂದರು. “ಸೆಕೆಗೆ ಬೆವರ್ತಾ ಇದ್ದಾರೆ ಸಿಸ್ಟರ್, ಯಾಕೋ ಮಾತೇ ಸರಿಯಾಗಿ ಆಡ್ತಿಲ್ಲ” ಎನ್ನುತ್ತಾರೆ. ನಾಡಿ 66. ಕೈ ನಡುಕವಿಲ್ಲ. ಇಲ್ಲಿಗೆ ನಿಲ್ಲಿಸಿ, ಮುಂದೇನು ಎಂದು ಕೇಳುತ್ತೇನೆ.

ಹೆಚ್ಚಿನವರು ‘ನಾಡಿ ನಾರ್ಮಲ್ ಇದೆ, ಶುಗರ್ ಇಳಿದಿರಲಿಕ್ಕಿಲ್ಲ’ ಎಂದೇ ಬರೆಯುತ್ತಾರೆ. ಆ 66 ಪ್ರೊಪ್ರನಲಾಲ್ ಹಿಡಿದಿಟ್ಟ 66 ಎಂದು ಹೊಳೆಯುವ ತನಕ ಅವರನ್ನು ಕಾಯಿಸುತ್ತೇನೆ. ನಂತರ ನೋಡಬೇಕಾದದ್ದು ಚರ್ಮ. ಸೆಕೆಯಲ್ಲಿ ಬೆವರಿದವರ ಮೈ ಬಿಸಿಯಾಗಿ, ಕೆಂಪಗಿರುತ್ತದೆ. ಫ್ಯಾನ್ ಕೆಳಗೆ ಕೂತರೆ ಹಾಯೆನಿಸುತ್ತದೆ. ಶುಗರ್ ಇಳಿದವರ ಚರ್ಮ ಬಿಳಚಿಕೊಂಡು, ತಣ್ಣಗೆ ಜಿನುಗುತ್ತಿರುತ್ತದೆ. ಏಕೆಂದರೆ ಚರ್ಮದ ರಕ್ತನಾಳ ಬಿಗಿಯುವುದು ಆಲ್ಫಾ ರಿಸೆಪ್ಟರ್‌ನಿಂದ, ಅದಕ್ಕೆ ಯಾರೂ ತಡೆಹಾಕಿಲ್ಲ. ಆದರೂ ಚರ್ಮ ಮುಟ್ಟಿ ತೀರ್ಮಾನಿಸಬೇಡಿ. ಬೀಟಾ ಬ್ಲಾಕರ್ ಜತೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆವರಿದರೆ, ತಡವರಿಸಿದರೆ, ಕಾರಣ ಸೆಕೆಯೆಂದು ತೋರಿದರೂ ಮೊದಲು ಬೆರಳು ಚುಚ್ಚಿ ಶುಗರ್ ನೋಡುವ ಜಿಆರ್‌ಬಿಎಸ್ ಮಾಡಿ.

ನಮ್ಮ ಕೇಸಿನಲ್ಲಿ 52 ಬಂತು. 70ಕ್ಕಿಂತ ಕಡಿಮೆಯೆಂದರೆ ಹೈಪೋ. ಎಚ್ಚರವಿದ್ದಾರೆ, ನುಂಗಬಲ್ಲರು, ಹಾಗಾಗಿ ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಿಸುವ ವೋಗ್ಲಿಬೋಸ್ ಕೂಡ ತೆಗೆದುಕೊಳ್ಳುತ್ತಿದ್ದರೆ ಮನೆ ಸಕ್ಕರೆ ಬೇಗ ರಕ್ತಕ್ಕೆ ಸೇರದು, ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ, ಡಾಕ್ಟರನ್ನು ಕರೆದು ಡೆಕ್ಸ್‌ಟ್ರೋಸ್ ಡ್ರಿಪ್ಪಿಗೆ ಸಿದ್ಧಮಾಡಬೇಕು. ಎರಡನೇ ಸಲ 84 ಬಂತೆಂದು ಮನೆಗೆ ಕಳಿಸಿದರೆ ಕೆಲಸ ಕೆಟ್ಟಂತೆ. ಗ್ಲಿಮೆಪಿರೈಡ್ ಇಡೀ ದಿನ ಕೆಲಸಮಾಡುತ್ತದೆ, ಯಕೃತ್ತು ಸಕ್ಕರೆ ಬಿಡುವ ದಾರಿಗೂ ಪ್ರೊಪ್ರನಲಾಲ್ ಅಡ್ಡವಾಗಿದೆ. ಊಟ ಮಾಡಿಸಬೇಕು, ಗಂಟೆಗಟ್ಟಲೆ ಕಣ್ಣಿಟ್ಟು ಪದೇಪದೇ ಶುಗರ್ ನೋಡಬೇಕು. ಉಪವಾಸದ ದಿನ ಮಾತ್ರೆ ಹೇಗೆ ಎಂಬುದನ್ನು ಡಾಕ್ಟರ್ ಬಳಿ ಬರೆಸಿಕೊಂಡೇ ಅವರನ್ನು ಕಳಿಸಬೇಕು. ಸಂಕಷ್ಟಿ ಪ್ರತಿ ತಿಂಗಳೂ ಬರುತ್ತದೆ.

ಶುಶ್ರೂಷೆಯ ಭಾಗದಲ್ಲಿ ನಾನು ಹೆಚ್ಚು ಜಾಗ ಕೊಟ್ಟದ್ದು ಒಂದಕ್ಕೊಂದು ಎದುರಾಗಿ ಕಾಣುವ ಎರಡು ಸೂಚನೆಗಳಿಗೆ. ನಾಡಿ 60ಕ್ಕಿಂತ ಅಥವಾ ಮೇಲಿನ ಬಿಪಿ 100ಕ್ಕಿಂತ ಕಡಿಮೆಯಿದ್ದರೆ ಡೋಸ್ ಹೋಲ್ಡ್ ಮಾಡಿ ಎನ್ನುತ್ತದೆ ಪುಸ್ತಕ. ಅದೇ ಪುಸ್ತಕ ಮುಂದಿನ ಪುಟದಲ್ಲಿ ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬೇಡಿ ಎನ್ನುತ್ತದೆ. ರಿಸೆಪ್ಟರ್‌ಗಳನ್ನು ಬಹುಕಾಲ ತಡೆದಿಟ್ಟರೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಒಮ್ಮೆಲೇ ತಡೆ ತೆಗೆದರೆ ಇದ್ದಬದ್ದ ಅಡ್ರಿನಲಿನ್ನಿಗೆ ಹೃದಯ ವಿಪರೀತ ಸ್ಪಂದಿಸುತ್ತದೆ. ಹೃದಯಕ್ಕೆ ರಕ್ತ ಸಾಲದವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ಒಂದೆರಡು ವಾರ ಹಿಡಿದು ಡೋಸ್ ಇಳಿಸುತ್ತಾರೆ. ಬೆಳಿಗ್ಗೆಯವರು ಒಂದು ಡೋಸ್ ಹೋಲ್ಡ್ ಮಾಡಿ ಸುಮ್ಮನಿದ್ದು, ರಾತ್ರಿಯವರೂ ಹಾಗೇ ಮಾಡಿ, ಮರುದಿನವೂ ಅದೇ ನಡೆದರೆ ಡಾಕ್ಟರಿಗೆ ತಿಳಿಯದೆ ಔಷಧ ನಿಂತುಹೋಯಿತು. ಆದ್ದರಿಂದ ಹೋಲ್ಡ್ ಮಾಡಿದ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ, ಕೇಸ್ ಶೀಟಿನಲ್ಲಿ ನಾಡಿ, ಬಿಪಿ, ಸಮಯ, ಯಾರಿಗೆ ಹೇಳಿದಿರಿ ಎಂದು ಬರೆಯಿರಿ ಎಂದು ದಪ್ಪಕ್ಷರದಲ್ಲಿ ಹಾಕಿದೆ. 60 ಎಂಬುದು ಎಲ್ಲರಿಗೂ ಒಂದೇ ಗೆರೆಯಲ್ಲ; ಕೆಲವು ರೋಗಿಗಳಿಗೆ ಡಾಕ್ಟರೇ 55 ಅಥವಾ 50 ಎಂದು ಬರೆದಿರುತ್ತಾರೆ, ಆರ್ಡರ್ ನೋಡಿಕೊಳ್ಳಬೇಕು. ನಾಡಿ ಎಣಿಸುವುದು ಎದೆಯ ಎಡಭಾಗದಲ್ಲಿ, ಐದನೇ ಪಕ್ಕೆಲುಬಿನ ಕೆಳಗೆ ಸ್ಟೆತ್ ಇಟ್ಟು, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. 58 ಮತ್ತು 62ರ ನಡುವೆ ಅದು ಸಣ್ಣದಲ್ಲ.

ಟಿಮೊಲಾಲ್ ಕಣ್ಣಿನ ಹನಿಗೂ ಒಂದು ಸಾಲು ಇದೆ, ಏಕೆಂದರೆ ಅದನ್ನು ಯಾರೂ ಬೀಟಾ ಬ್ಲಾಕರ್ ಎಂದು ಎಣಿಸುವುದೇ ಇಲ್ಲ. ಹನಿ ಮೂಗಿಗಿಳಿದು ರಕ್ತ ಸೇರುತ್ತದೆ. ಅಸ್ತಮಾ ಇದ್ದವರಿಗೆ ಅಷ್ಟರಿಂದಲೇ ಉಸಿರು ಕಟ್ಟಬಹುದು. ಹನಿ ಹಾಕಿದ ಮೇಲೆ ಕಣ್ಣಿನ ಒಳಮೂಲೆ ಒತ್ತಿ ಹಿಡಿದರೆ ಒಳಗಿಳಿಯುವುದು ಕಡಿಮೆಯಾಗುತ್ತದೆ.

ಕೊನೆಯ ಪುಟದ ಪ್ರಶ್ನೆಗೆ ಉತ್ತರ ಬರೆದಿಲ್ಲ, ಅದನ್ನು ಕ್ಲಾಸಿನಲ್ಲೇ ಬಿಡಿಸುತ್ತೇವೆ. ಹೃದಯಾಘಾತವಾಗಿದ್ದ ಬೋಟಿನ ಕೆಲಸಗಾರ, ಮೆಟೊಪ್ರೊಲಾಲ್ ಸಕ್ಸಿನೇಟ್ 50 ಮಿ.ಗ್ರಾಂ ದಿನಕ್ಕೊಂದು. ನಾಳೆ ಹೊರಟರೆ ಹತ್ತು ದಿನ ಸಮುದ್ರದಲ್ಲಿ, ಸ್ಟ್ರಿಪ್‌ನಲ್ಲಿ ಉಳಿದಿರುವುದು ಆರು ಮಾತ್ರೆ. ಕಳೆದ ಸಲ ಒಬ್ಬ ಹುಡುಗಿ ಅರ್ಧರ್ಧ ನುಂಗಿದರೆ ಸಾಲುತ್ತದಲ್ಲ ಮೇಡಂ ಎಂದಳು. ನಡುಗೆರೆ ಇರುವ ಮಾತ್ರೆಯಾದರೆ ಮುರಿಯಬಹುದು, ಪುಡಿಮಾಡಿದರೆ ಮಾತ್ರ ನಿಧಾನವಾಗಿ ಬಿಡುಗಡೆಯಾಗುವ ಗುಣ ಹೋಗುತ್ತದೆ ಎಂದೆ. ಆದರೆ ಡೋಸನ್ನು ಅರ್ಧಕ್ಕಿಳಿಸಲು ಹೇಳಿದವರು ಯಾರು? ಅದರ ಮೇಲೆ ಕ್ಲಾಸು ಅರ್ಧ ಗಂಟೆ ವಾದಮಾಡಿತು.