ಕಾಫಿ ರಫ್ತಿಗೆ ಡಾಲರ್ ದರ ಕಟ್ಟಿಹಾಕುವುದು ಹೇಗೆ? ಅದಕ್ಕೆ ನಿಜವಾಗಿ ತಗಲುವ ವೆಚ್ಚವೆಷ್ಟು?

ಕೊಡಗಿನ ರಫ್ತುದಾರರು ಕಾಫಿಯನ್ನು ರೂಪಾಯಿ ಕೊಟ್ಟು ಕೊಳ್ಳುತ್ತಾರೆ, ಡಾಲರಿಗೆ ಮಾರುತ್ತಾರೆ. ಬೆಳೆಗಾರರಿಗೆ ಹಣ ಕೊಟ್ಟ ದಿನಕ್ಕೂ ವಿದೇಶಿ ಖರೀದಿದಾರರಿಂದ ಡಾಲರ್ ಬಂದು ಸೇರುವ ದಿನಕ್ಕೂ ಮೂರ್ನಾಲ್ಕು ತಿಂಗಳ ಅಂತರವಿರುತ್ತದೆ. ಆ ಅವಧಿಯಲ್ಲಿ ಡಾಲರ್ ಒಂದೆರಡು ರೂಪಾಯಿ ಇಳಿದರೆ ಕ್ಯೂರಿಂಗ್, ಸಾಗಣೆ, ಬಡ್ಡಿ ಎಲ್ಲ ಕಳೆದು ಉಳಿಯಬೇಕಿದ್ದ ಲಾಭ ಅಷ್ಟಕ್ಕೇ ಕರಗಿಹೋಗಬಹುದು. ಇದನ್ನು ತಡೆಯಲು ಇರುವ ಸರಳ ಸಾಧನವೆಂದರೆ ಫಾರ್ವರ್ಡ್ ಕಾಂಟ್ರಾಕ್ಟ್. ಮುಂದೊಂದು ದಿನ ಇಷ್ಟು ಡಾಲರನ್ನು ಇಂತಿಷ್ಟು ದರಕ್ಕೆ ನಿಮಗೆ ಮಾರುತ್ತೇನೆ ಎಂದು ರಫ್ತುದಾರರು ಬ್ಯಾಂಕಿನೊಂದಿಗೆ ಇಂದೇ ಮಾಡಿಕೊಳ್ಳುವ ಒಪ್ಪಂದವಿದು. ಅದನ್ನು ಮಾಡಿಕೊಳ್ಳುವ ಕ್ರಮವನ್ನೂ ಅದರ ವೆಚ್ಚ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನೂ ಒಂದು ಕಂಟೇನರಿನ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ. ದರಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ಇಂದಿನ ಮಾರುಕಟ್ಟೆಯ ದರಗಳಲ್ಲ.

ಮೊದಲು ಡಾಲರ್ ಮೊತ್ತ ಖಚಿತವಾಗಲಿ

ಕುಶಾಲನಗರದ ಒಬ್ಬ ರಫ್ತುದಾರರು ಮಾರ್ಚ್ ಮೊದಲ ವಾರದಲ್ಲಿ ಇಟಲಿಯ ಖರೀದಿದಾರರಿಗೆ ಒಂದು ಕಂಟೇನರ್ ರೊಬಸ್ಟಾ ಚೆರಿ ಮಾರಿದರೆಂದು ಇಟ್ಟುಕೊಳ್ಳೋಣ. ಅರವತ್ತು ಕಿಲೋದ 320 ಚೀಲ, ಅಂದರೆ 19.2 ಟನ್. ಟನ್ನಿಗೆ 4,500 ಡಾಲರಿನಂತೆ ಒಟ್ಟು 86,400 ಡಾಲರ್. ಏಪ್ರಿಲ್ ಕೊನೆಗೆ ಮಾಲು ಹಡಗು ಹತ್ತಬೇಕು. ಹಣ ಜೂನ್ 5 ಮತ್ತು ಜುಲೈ 5ರ ನಡುವೆ ಬರುವ ನಿರೀಕ್ಷೆಯಿದೆ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಕಾಫಿ ವ್ಯಾಪಾರದಲ್ಲಿ ಅನೇಕ ಒಪ್ಪಂದಗಳು ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ವಾಯಿದಾ ಮಾರುಕಟ್ಟೆಯ ದರದ ಮೇಲೆ ಇಷ್ಟು ಡಾಲರ್ ಹೆಚ್ಚು ಎಂಬ ಲೆಕ್ಕದಲ್ಲಿ ನಡೆಯುತ್ತವೆ, ಬೆಲೆ ‘ಫಿಕ್ಸ್’ ಆಗುವುದು ಆಮೇಲೆ. ಅಲ್ಲಿಯವರೆಗೆ ಎಷ್ಟು ಡಾಲರ್ ಬರುತ್ತದೆಂಬುದೇ ಗೊತ್ತಿರುವುದಿಲ್ಲ. ಫಾರ್ವರ್ಡ್ ಕಾಂಟ್ರಾಕ್ಟ್ ಕಾಯುವುದು ಡಾಲರಿನ ದರವನ್ನೇ ಹೊರತು ಕಾಫಿಯ ಬೆಲೆಯನ್ನಲ್ಲ. ಆದ್ದರಿಂದ ಬೆಲೆ ಫಿಕ್ಸ್ ಆಗುವ ಮೊದಲೇ ಪೂರ್ತಿ ಮೊತ್ತಕ್ಕೆ ಬುಕ್ ಮಾಡುವುದು ಸರಿಯಲ್ಲ.

ದಿನಾಂಕವನ್ನು ಆರಿಸುವುದು

ನಿರ್ದಿಷ್ಟವಾಗಿ ಒಂದೇ ದಿನಕ್ಕೆ ಬುಕ್ ಮಾಡಬಹುದು, ಇಲ್ಲವೇ ಗರಿಷ್ಠ ಒಂದು ತಿಂಗಳ ಅವಧಿ ಕೊಟ್ಟು ಅದರೊಳಗೆ ಯಾವ ದಿನ ಬೇಕಾದರೂ ಡಾಲರ್ ಒಪ್ಪಿಸುವಂತೆ ಮಾಡಿಕೊಳ್ಳಬಹುದು. ಕಾಫಿಯ ಹಣ ಹೇಳಿದ ದಿನಕ್ಕೇ ಬರುವುದು ಅಪರೂಪವಾದ್ದರಿಂದ ನಮ್ಮ ರಫ್ತುದಾರರಿಗೆ ಎರಡನೆಯದೇ ಅನುಕೂಲ. ಆದರೆ ಈ ಅನುಕೂಲ ಪುಕ್ಕಟೆಯಲ್ಲ.

ಮುಂದಿನ ತಿಂಗಳುಗಳ ಡಾಲರ್ ದರ ಇಂದಿನ ವಹಿವಾಟಿನ ದರವಾದ ಸ್ಪಾಟ್ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಭಾರತದ ಬಡ್ಡಿದರ ಅಮೆರಿಕದ ಬಡ್ಡಿದರಕ್ಕಿಂತ ಹೆಚ್ಚಾಗಿರುವುದೇ ಇದರ ಮೂಲ ಕಾರಣ. ಆ ವ್ಯತ್ಯಾಸವೇ ಪ್ರೀಮಿಯಂ ರೂಪದಲ್ಲಿ ದರಕ್ಕೆ ಸೇರುತ್ತದೆ. ಮುಂದೆ ಡಾಲರ್ ಏರುತ್ತದೆಂಬ ಭವಿಷ್ಯವಾಣಿ ಅದರಲ್ಲಿಲ್ಲ. ಸ್ಪಾಟ್ 85 ರೂಪಾಯಿ, ಪ್ರೀಮಿಯಂ ವರ್ಷಕ್ಕೆ ಶೇ 2.4 ಎಂದಿಟ್ಟುಕೊಂಡರೆ ತಿಂಗಳಿಗೆ 17 ಪೈಸೆಯಾಗುತ್ತದೆ. ಜೂನ್ 5ರ ದಿನಕ್ಕೆ ಮೂರು ತಿಂಗಳ 51 ಪೈಸೆ, ಜುಲೈ 5ಕ್ಕೆ ನಾಲ್ಕು ತಿಂಗಳ 68 ಪೈಸೆ. ಒಂದು ತಿಂಗಳ ಅವಧಿ ಕೇಳಿದಾಗ ಬ್ಯಾಂಕ್ ರಫ್ತುದಾರರಿಗೆ ಅವಧಿಯ ಮೊದಲ ದಿನದ ಪ್ರೀಮಿಯಂ, ಅಂದರೆ 51 ಪೈಸೆ ಮಾತ್ರ ಕೊಡುತ್ತದೆ. ಹಣ ಕೊನೆಯ ದಿನ ಬಂದರೆ 17 ಪೈಸೆ, ಒಟ್ಟು 14,688 ರೂಪಾಯಿ ಕೈಬಿಟ್ಟಂತೆ. ಖರೀದಿದಾರರು ಹಿಂದೆ ಯಾವಾಗ ಹಣ ಕಳಿಸಿದ್ದಾರೆಂದು ಹಳೆಯ ಬಿಲ್ಲುಗಳಲ್ಲಿ ನೋಡಿ ಅವಧಿಯನ್ನು ಹದಿನೈದು ದಿನಕ್ಕೆ ಇಳಿಸಿಕೊಂಡರೆ ಈ ನಷ್ಟ ಅರ್ಧವಾಗುತ್ತದೆ. ಹೆಚ್ಚಿನವರು ಈ ಒಂದು ಕೆಲಸ ಮಾಡುವುದಿಲ್ಲವೆಂಬುದು ನನ್ನ ಖೇದ.

ಬ್ಯಾಂಕಿನಲ್ಲಿ ಲಿಮಿಟ್ ಪಡೆಯುವುದು

ವಿದೇಶಿ ವಿನಿಮಯ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಬ್ಯಾಂಕಿನಲ್ಲಿ ಮಾತ್ರ ಫಾರ್ವರ್ಡ್ ಬುಕ್ ಮಾಡಲು ಸಾಧ್ಯ. ಸಾಲದ ಮಿತಿಯಂತೆಯೇ ಇದಕ್ಕೂ ಒಂದು ಫಾರ್ವರ್ಡ್ ಲಿಮಿಟ್ ಮಂಜೂರಾಗಬೇಕು. ದರ ಚೆನ್ನಾಗಿದ್ದ ದಿನ ಓಡಿಹೋಗಿ ಕೇಳಿದರೆ ಸಿಗದು. ಪ್ರತಿ ಬಾರಿಯೂ ಬ್ಯಾಂಕ್ ದಾಖಲೆ ಕೇಳದಿರಬಹುದು, ಆದರೆ ಒಪ್ಪಂದದ ಹಿಂದೆ ನಿಜವಾದ ವ್ಯವಹಾರವಿರಲೇಬೇಕು. ಆರ್ಡರ್ ಇನ್ನೂ ಕೈಸೇರದೆ, ನಿರೀಕ್ಷೆಯ ಮೇಲೆಯೇ ಬುಕ್ ಮಾಡಿದ ಒಪ್ಪಂದವನ್ನು ರದ್ದುಪಡಿಸಿದಾಗ ಲಾಭ ಬಂದರೆ, ಆ ನಿರೀಕ್ಷಿತ ಹಣ ನಿಜವಾಗಿ ಬರುವವರೆಗೆ ಅದು ಗ್ರಾಹಕರ ಕೈಗೆ ಸಿಗುವುದಿಲ್ಲ. ನಷ್ಟವಾದರೆ ಮಾತ್ರ ಕೂಡಲೇ ಕಟ್ಟಬೇಕು.

ಲಿಮಿಟ್ ಇಲ್ಲದವರಿಂದ ಬ್ಯಾಂಕ್ ಒಪ್ಪಂದದ ಇಂತಿಷ್ಟು ಭಾಗವನ್ನು ಠೇವಣಿಯಾಗಿ ಕೇಳುತ್ತದೆ. ಶೇ 10 ಎಂದಾದರೆ ನಮ್ಮ ಉದಾಹರಣೆಯಲ್ಲಿ ಸುಮಾರು 7.38 ಲಕ್ಷ ರೂಪಾಯಿ. ಠೇವಣಿಗೆ ಬಡ್ಡಿ ಬರುತ್ತದೆ ನಿಜ. ಆದರೆ ಅದೇ ಹಣಕ್ಕೆ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲದಲ್ಲಿ ಶೇ 3.5ರಷ್ಟು ಹೆಚ್ಚು ಬಡ್ಡಿ ತೆರುತ್ತಿದ್ದರೆ ನಾಲ್ಕು ತಿಂಗಳಿಗೆ ಸುಮಾರು 8,600 ರೂಪಾಯಿಯ ಹೊರೆ ಬೀಳುತ್ತದೆ. ಬ್ಯಾಂಕ್ ಕೊಡುವ ಯಾವ ಚೀಟಿಯಲ್ಲಿಯೂ ಈ ವೆಚ್ಚ ಕಾಣಿಸುವುದಿಲ್ಲ.

ದರ ಕೇಳುವ ರೀತಿ

ಶಾಖೆಯವರು ಸಾಮಾನ್ಯವಾಗಿ ತಮ್ಮ ಟ್ರೆಷರಿ ವಿಭಾಗಕ್ಕೆ ಫೋನ್ ಮಾಡಿ ದರ ಪಡೆಯುತ್ತಾರೆ. ‘ಫಾರ್ವರ್ಡ್ ಎಷ್ಟು ಸಿಗುತ್ತದೆ?’ ಎಂದು ಕೇಳಿದರೆ ಒಂದೇ ಅಂಕಿ ಬರುತ್ತದೆ, ಅದರೊಳಗೆ ಏನೇನು ಸೇರಿದೆಯೆಂದು ತಿಳಿಯುವುದಿಲ್ಲ. ಬದಲಿಗೆ ಹೀಗೆ ಕೇಳಬೇಕು: ‘ಸಾರ್, 86,400 ಡಾಲರ್ ಎಕ್ಸ್‌ಪೋರ್ಟ್, ಡೆಲಿವರಿ ಜೂನ್ ಐದರಿಂದ ಜುಲೈ ಐದರವರೆಗೆ. ಸ್ಪಾಟ್ ಎಷ್ಟು, ಪ್ರೀಮಿಯಂ ಎಷ್ಟು, ನಿಮ್ಮ ಮಾರ್ಜಿನ್ ಎಷ್ಟು, ಮೂರನ್ನೂ ಬೇರೆ ಬೇರೆ ಹೇಳಿ.’ ಸ್ಪಾಟ್ 85.00, ಪ್ರೀಮಿಯಂ 0.51, ಬ್ಯಾಂಕ್ ತನಗಾಗಿ ಕಳೆದುಕೊಳ್ಳುವ ಮಾರ್ಜಿನ್ 0.10 ಎಂದರೆ ಸಿಗುವ ದರ 85.41. ಕಂಟೇನರಿಗೆ 73,79,424 ರೂಪಾಯಿ ಖಾತ್ರಿಯಾಯಿತು. ಹತ್ತು ಪೈಸೆಯ ಮಾರ್ಜಿನ್ ಅಂದರೆ 8,640 ರೂಪಾಯಿ. ಚೌಕಾಸಿಗೆ ಅವಕಾಶವಿರುವುದು ಇದೊಂದರಲ್ಲಿಯೇ. ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರಲ್ಲಿ ಆರಂಭಿಸಿದ ಎಫ್ಎಕ್ಸ್-ರಿಟೇಲ್ ಎಂಬ ವಿದೇಶಿ ವಿನಿಮಯದ ಆನ್‌ಲೈನ್ ವೇದಿಕೆಯಲ್ಲಿ ನೋಂದಾಯಿಸಿಕೊಂಡ ಸಣ್ಣ ರಫ್ತುದಾರರಿಗೆ ಮಾರುಕಟ್ಟೆಯ ದರ ಕಣ್ಣೆದುರಿಗೇ ಇರುತ್ತದೆ, ಆಗ ಚೌಕಾಸಿ ಸುಲಭ.

ಆಮದುದಾರರಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. 20,000 ಡಾಲರಿನ ಹುರಿಯುವ ಯಂತ್ರ ತರಿಸಿ ಮೂರು ತಿಂಗಳ ಬಳಿಕ ಹಣ ಕಟ್ಟುವವರು 85.61 ತೆರಬೇಕು. ಅವರಿಗೆ ಪ್ರೀಮಿಯಂ 10,200 ರೂಪಾಯಿಯ ಖರ್ಚು, ಮಾರ್ಜಿನ್ 2,000 ರೂಪಾಯಿ. ಒಂದು ತಿಂಗಳ ಅವಧಿ ಕೇಳಿದರಂತೂ ಅವಧಿಯ ಕೊನೆಯ ದಿನದ ಪ್ರೀಮಿಯಂ ಬೀಳುತ್ತದೆ.

ಒಪ್ಪಿಗೆ ಹೇಳಿದೊಡನೆ ಒಪ್ಪಂದ ಜಾರಿಗೆ ಬರುತ್ತದೆ. ಆಮೇಲೆ ಬರುವ ದೃಢೀಕರಣ ಪತ್ರದಲ್ಲಿ ಮೊತ್ತ, ದರ, ಅವಧಿಯ ಎರಡೂ ದಿನಾಂಕಗಳನ್ನು ಅಂದೇ ನೋಡಿಕೊಳ್ಳಬೇಕು. ರಫ್ತುದಾರರ ಪತ್ರದಲ್ಲಿ ‘ಬ್ಯಾಂಕ್ ಖರೀದಿ’ ಎಂದಿರಬೇಕು, ಏಕೆಂದರೆ ಪತ್ರ ಬರೆಯುವುದು ಬ್ಯಾಂಕಿನ ಕಡೆಯಿಂದ. ‘ಮಾರಾಟ’ ಎಂದಿದ್ದರೆ ಅಪಾಯ ಇಮ್ಮಡಿಯಾಯಿತೆಂದೇ ಅರ್ಥ.

ಹಣ ಬರುವುದು ತಡವಾದರೆ

ನಿಜವಾದ ಪರೀಕ್ಷೆ ಬರುವುದು ಇಲ್ಲಿ. ಫಾರ್ವರ್ಡ್ ಕಾಂಟ್ರಾಕ್ಟ್ ಒಂದು ಬಾಧ್ಯತೆ. ಡಾಲರ್ ಏರಿತೆಂದು ಬಿಟ್ಟುಬಿಡಲು ಬಾರದು, ಮಾಲು ತಡವಾಯಿತೆಂದು ಅದು ಕಾಯುವುದೂ ಇಲ್ಲ. 2018ರ ಆಗಸ್ಟಿನ ಭೂಕುಸಿತಗಳಲ್ಲಿ ಮಡಿಕೇರಿಯಿಂದ ಸಂಪಾಜೆ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಮುಚ್ಚಿಹೋಗಿತ್ತು. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳ ಕಾರಣ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿ ಪ್ರಯಾಣ ಸುಮಾರು ಎರಡು ವಾರ ಉದ್ದವಾಯಿತು.

ನಮ್ಮ ಉದಾಹರಣೆಯಲ್ಲಿ ಜುಲೈ 5 ಬಂದರೂ ಹಣ ಬರಲಿಲ್ಲ, ಇನ್ನೊಂದು ತಿಂಗಳು ಬೇಕು, ಅಷ್ಟರಲ್ಲಿ ಸ್ಪಾಟ್ 87 ಆಗಿದೆ ಎಂದುಕೊಳ್ಳೋಣ. ಒಪ್ಪಂದವನ್ನು ಮುಂದೂಡುವುದೆಂದರೆ ಹಳೆಯದನ್ನು ರದ್ದು ಮಾಡಿ ಹೊಸತನ್ನು ಬುಕ್ ಮಾಡುವುದು. ರದ್ದತಿಗೆ ಬ್ಯಾಂಕ್ ತನ್ನ ಮಾರ್ಜಿನ್ ಸೇರಿಸಿ 87.10ರ ದರ ಹಿಡಿಯುತ್ತದೆ. ಡಾಲರಿಗೆ 1.69 ರೂಪಾಯಿಯ ವ್ಯತ್ಯಾಸ, ಒಟ್ಟು 1,46,016 ರೂಪಾಯಿಯನ್ನು ರಫ್ತುದಾರರು ಅಂದೇ ಕಟ್ಟಬೇಕು. ಹೊಸ ಒಪ್ಪಂದಕ್ಕೆ ಒಂದು ತಿಂಗಳ ಪ್ರೀಮಿಯಂ ಸೇರಿ, ಮಾರ್ಜಿನ್ ಕಳೆದು 87.07 ಸಿಗುತ್ತದೆ. ಆಗಸ್ಟಿನಲ್ಲಿ ಡಾಲರ್ ಬಂದಾಗ 75,22,848 ರೂಪಾಯಿ ಕೈಗೆ ಬರುತ್ತದೆ. ಜುಲೈನಲ್ಲಿ ಕಟ್ಟಿದ್ದನ್ನು ಕಳೆದರೆ 73,76,832. ಮೊದಲು ಖಾತ್ರಿಯಾಗಿದ್ದ ಮೊತ್ತಕ್ಕಿಂತ ಕಡಿಮೆಯಾದದ್ದು 2,592 ರೂಪಾಯಿ ಮಾತ್ರ.

ಆದ್ದರಿಂದ ಮುಂದೂಡುವಾಗ ಕಟ್ಟುವ ದೊಡ್ಡ ಮೊತ್ತವನ್ನು ಕಂಡು, ಫಾರ್ವರ್ಡಿನಿಂದ ಮುಳುಗಿದೆವೆಂದು ಭಾವಿಸುವುದು ತಪ್ಪು. ಡಾಲರ್ ಬಂದಾಗ ಅದು ಹಿಂದಿರುಗುತ್ತದೆ. ಆದರೆ ಆ ಒಂದು ತಿಂಗಳ ಮಟ್ಟಿಗೆ ಒಂದೂವರೆ ಲಕ್ಷ ರೂಪಾಯಿ ಕೈಯಲ್ಲಿರಬೇಕು, ಅದಕ್ಕೆ ಬಡ್ಡಿಯೂ ತಗಲುತ್ತದೆ. ಮಳೆಗಾಲದಲ್ಲಿ ಸಾಗಿಸುವ ಮಾಲಿಗೆ ಫಾರ್ವರ್ಡ್ ಬುಕ್ ಮಾಡುವವರು ಇಷ್ಟು ಹಣಕ್ಕೆ ಓಡಿಯಲ್ಲಿ ಮೊದಲೇ ಜಾಗ ಇಟ್ಟುಕೊಳ್ಳಬೇಕು. ಅವಧಿ ಮುಗಿಯುವ ಮುನ್ನವೇ ಬ್ಯಾಂಕಿಗೆ ತಿಳಿಸುವುದೂ ಮುಖ್ಯ. ಸುಮ್ಮನಿದ್ದರೆ ಕೆಲವು ಕೆಲಸದ ದಿನಗಳ ನಂತರ ಬ್ಯಾಂಕ್ ತಾನೇ ಒಪ್ಪಂದವನ್ನು ರದ್ದು ಮಾಡಿ ವ್ಯತ್ಯಾಸವನ್ನು ಖಾತೆಗೆ ಹಾಕುತ್ತದೆ.

ಖರೀದಿದಾರರು ಮಾಲನ್ನೇ ನಿರಾಕರಿಸಿದರೆ ಮಾತ್ರ ಕಥೆ ಬೇರೆ. ಹಿಂದಿರುಗಿಸಲು ಡಾಲರೇ ಬರುವುದಿಲ್ಲವಾದ್ದರಿಂದ ಆ 1,46,016 ರೂಪಾಯಿ ಪೂರ್ತಿ ನಷ್ಟ. ಹೊಸ ಖರೀದಿದಾರರ ಆರ್ಡರಿಗೆ, ಅವರ ಪಾವತಿ ಅನುಭವಕ್ಕೆ ಬರುವವರೆಗೆ, ಪೂರ್ತಿ ಮೊತ್ತಕ್ಕೆ ಬದಲಾಗಿ ಅರ್ಧಕ್ಕೆ ಮಾತ್ರ ಬುಕ್ ಮಾಡುವುದನ್ನು ನಾನು ಸಮರ್ಥಿಸುವುದು ಈ ಕಾರಣಕ್ಕೆ.

ಡಾಲರ್ ಸಾಲವಿದ್ದವರು ಗಮನಿಸಬೇಕಾದದ್ದು

ಕಾಫಿ ಕೊಳ್ಳಲು ಬ್ಯಾಂಕಿನಿಂದ ಡಾಲರಿನಲ್ಲಿಯೇ ಪ್ಯಾಕಿಂಗ್ ಕ್ರೆಡಿಟ್ ಪಡೆದಿದ್ದರೆ, ಆ ಡಾಲರನ್ನು ಪಡೆದ ದಿನವೇ ಸ್ಪಾಟ್ ದರಕ್ಕೆ ರೂಪಾಯಿಯಾಗಿಸಿಕೊಂಡಿರುತ್ತಾರೆ. ರಫ್ತಿನ ಡಾಲರ್ ನೇರವಾಗಿ ಆ ಸಾಲಕ್ಕೆ ಹೋಗುತ್ತದೆ. ಅಷ್ಟು ಭಾಗದ ದರ ಆಗಲೇ ಕಟ್ಟಿಹಾಕಿದಂತಾಗಿದೆ. 86,400 ಡಾಲರಿನ ಆರ್ಡರಿಗೆ 60,000 ಡಾಲರ್ ಸಾಲವಿದ್ದರೆ ಫಾರ್ವರ್ಡ್ ಬೇಕಾಗುವುದು ಉಳಿದ 26,400 ಡಾಲರಿಗೆ ಮಾತ್ರ. ಪೂರ್ತಿ ಮೊತ್ತಕ್ಕೆ ಬುಕ್ ಮಾಡಿದರೆ ಒಪ್ಪಿಸಲು ಡಾಲರೇ ಉಳಿಯದೆ, 60,000 ಡಾಲರಿನ ಒಪ್ಪಂದವನ್ನು ಅಂದಿನ ದರದಲ್ಲಿ ರದ್ದು ಮಾಡಬೇಕಾಗುತ್ತದೆ. ಸಾಲದ ಖಾತೆಯನ್ನೂ ಫಾರ್ವರ್ಡ್ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ, ಆರ್ಡರಿನ ಸಂಖ್ಯೆಯ ಎದುರು ಬರೆದಿಟ್ಟುಕೊಂಡರೆ ಈ ಇಮ್ಮಡಿ ಬುಕಿಂಗ್ ಬ್ಯಾಂಕಿಗೆ ಫೋನ್ ಮಾಡುವ ಮೊದಲೇ ಕಣ್ಣಿಗೆ ಬೀಳುತ್ತದೆ.